ನಾಳೆ ಓದಲು: ಮೇಡಂ ಅವರ ಬೀಳ್ಕೊಡುಗೆ ಭಾಷಣ, ತಿದ್ದಿದ ಪ್ರತಿ

ಮೇಡಂ, ನಮಸ್ಕಾರ.

ನಿಮ್ಮ ಭಾಷಣವನ್ನು ನಿನ್ನೆ ರಾತ್ರಿ ಜೋರಾಗಿ ಓದಿ ನೋಡಿದೆ. ಕಣ್ಣಿಗೆ ಚೆನ್ನಾಗಿತ್ತು. ಬಾಯಿಗೆ ಬಂದಾಗ ಉಸಿರು ಸಾಲಲಿಲ್ಲ. ಮೊದಲ ವಾಕ್ಯವನ್ನೇ ನೋಡಿ:

“ಮೂವತ್ತೊಂದು ವರ್ಷಗಳ ನನ್ನ ಸುದೀರ್ಘ ಸೇವಾವಧಿಯಲ್ಲಿ ಸಂಪೂರ್ಣ ಸಹಕಾರ ನೀಡಿದ ಸಮಸ್ತ ಸಹೋದ್ಯೋಗಿ ಬಂಧುಗಳಿಗೂ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರು ಹಾಗೂ ಸರ್ವ ಸದಸ್ಯರಿಗೂ, ಪೋಷಕ ವೃಂದಕ್ಕೂ ಹೃತ್ಪೂರ್ವಕ ಕೃತಜ್ಞತೆಗಳನ್ನು ಅರ್ಪಿಸಲು ಹರ್ಷಿಸುತ್ತೇನೆ.”

ಇದು ಸುತ್ತೋಲೆಯ ಭಾಷೆ ಮೇಡಂ. ತರಗತಿಯಲ್ಲಿ ನೀವು ಹೀಗೆ ಮಾತಾಡಿದ್ದನ್ನು ನಾನು ಒಂದು ದಿನವೂ ಕೇಳಿಲ್ಲ. ಅದಕ್ಕೇ ನಿಮ್ಮ ತರಗತಿಯ ದನಿಗೇ ತಂದಿದ್ದೇನೆ. ಒಂದು ಉಸಿರಿಗೆ ಒಂದು ಮಾತು. ಸಾಲು ಖಾಲಿ ಬಿಟ್ಟ ಕಡೆ ಸ್ವಲ್ಪ ನಿಲ್ಲಿ.

ಕೊಡಗಿಗೆ ಹೋಗಿ ಬಂದ ಹುಡುಗಿಯ ವಿಷಯ ನಾಲ್ಕನೇ ಪುಟದಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗಿತ್ತು. ನನಗೆ ಅದೇ ಇಡೀ ಭಾಷಣ ಅನ್ನಿಸಿತು. ನೀವು ಮೊದಲು ಸ್ಟಾಫ್ ರೂಮಿನಲ್ಲಿ ಹೇಳಿದ ಹಾಗೆಯೇ ಬಿಡಿಸಿ ಬರೆದಿದ್ದೇನೆ. ತರಬೇತಿಗಳ ಪಟ್ಟಿಯನ್ನೂ ಪ್ರಶಸ್ತಿಗಳ ಪಟ್ಟಿಯನ್ನೂ ತೆಗೆದಿದ್ದೇನೆ. ಅವನ್ನು ಸ್ವಾಗತ ಮಾಡುವವರು ಹೇಳಲಿ. ಕೊನೆಯ ಮಾತು ನಿಮ್ಮ ಪ್ರತಿಯಲ್ಲಿ ಇರಲಿಲ್ಲ. ಮೊನ್ನೆ ಬೀರುವಿನ ಬೀಗದಕೈ ಕೊಡುವಾಗ ನನಗೆ ಹೇಳಿದಿರಲ್ಲ, ಅದು. ಬೇಡ ಅನ್ನಿಸಿದರೆ ತೆಗೆದುಬಿಡಿ. ಆದರೆ ದಯವಿಟ್ಟು ತೆಗೆಯಬೇಡಿ.

“ರ, ಗ, ಸ, ದ, ಅ” ಬಂದಾಗ ಒಂದೊಂದೇ ಅಕ್ಷರ ಹೇಳಿ. ಹಳೆಯ ಮಕ್ಕಳು ತಾವಾಗಿಯೇ ದನಿ ಸೇರಿಸುತ್ತಾರೆ. ಅವರು ಮುಗಿಸುವವರೆಗೆ ಕಾಯಿರಿ.

*

ಎಲ್ಲರಿಗೂ ನಮಸ್ಕಾರ.

ನನ್ನ ಜೊತೆ ಕೆಲಸ ಮಾಡಿದವರು ಇಲ್ಲಿದ್ದೀರಿ. ಎಸ್‌ಡಿಎಂಸಿಯವರು ಇದ್ದೀರಿ. ಅಪ್ಪ ಅಮ್ಮಂದಿರು ಇದ್ದೀರಿ. ನನ್ನ ಮಕ್ಕಳು ಇದ್ದೀರಿ. ನನ್ನ ಮಕ್ಕಳ ಮಕ್ಕಳೂ ಇದ್ದೀರಿ.

ಎಲ್ಲರಿಗೂ ಒಂದೇ ಮಾತು. ನೀವಿದ್ದಿರಿ. ಅದಕ್ಕೇ ನಾನು ಕೆಲಸ ಮಾಡಿದೆ.

ನಾನು ಕೆಲಸಕ್ಕೆ ಸೇರಿದ್ದು 1994ರಲ್ಲಿ. ಮೂರು ಶಾಲೆ. ಒಂದೇ ತಾಲ್ಲೂಕು. ನಮ್ಮ ಹೆಗ್ಗಡದೇವನಕೋಟೆ.

ಮೊದಲ ಶಾಲೆಗೆ ಬೆಳಿಗ್ಗೆ ಒಂದೇ ಬಸ್ಸು. ಅದು ತಪ್ಪಿದರೆ ಹ್ಯಾಂಡ್‌ಪೋಸ್ಟ್‌ನಲ್ಲಿ ನಿಂತು ಯಾವುದಾದರೂ ಗಾಡಿಗೆ ಕೈ ಅಡ್ಡ ಹಾಕಬೇಕು. ಗಾಡಿ ಸಿಗದಿದ್ದರೆ ನಡೆಯಬೇಕು. ನಡೆದಿದ್ದೇನೆ.

ಒಂದೇ ಕೊಠಡಿ. ನಾಲ್ಕು ತರಗತಿ. ಒಂದನೇ ತರಗತಿಗೆ ಅ ಆ ಇ ಈ ತಿದ್ದಿಸಬೇಕು. ಅಷ್ಟರಲ್ಲಿ ನಾಲ್ಕನೇ ತರಗತಿಯಲ್ಲಿ ಜಗಳ. ಅತ್ತ ಹೋಗಿ ಬರುವಷ್ಟರಲ್ಲಿ ಇತ್ತ ಸ್ಲೇಟು ಒಡೆದಿರುತ್ತಿತ್ತು.

ಆಗ ಕೊಡಗಿನ ಕಾಫಿ ಕೊಯ್ಲು ಬರುತ್ತಿತ್ತು. ಹಾಡಿಗಳಿಂದ ಅಪ್ಪ ಅಮ್ಮ ತೋಟಕ್ಕೆ ಹೋಗುತ್ತಿದ್ದರು. ಮಕ್ಕಳೂ ಹೋಗುತ್ತಿದ್ದರು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಮಕ್ಕಳನ್ನು ಯಾರ ಹತ್ತಿರ ಬಿಡುವುದು?

ಎರಡು ತಿಂಗಳು ಬಿಟ್ಟು ಮಗು ವಾಪಸ್ ಬರುತ್ತಿತ್ತು. ಅಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತಿತ್ತು. ಮಗು ಹಿಂದಿನ ಸಾಲಿನಲ್ಲಿ ಕೂರುತ್ತಿತ್ತು. ಒಂದು ವಾರ ಬರುತ್ತಿತ್ತು. ಆಮೇಲೆ ಬರುತ್ತಿರಲಿಲ್ಲ.

ನಾವು ಹಾಜರಿ ಪುಸ್ತಕದಲ್ಲಿ ಗೈರು ಅಂತ ಬರೆಯುತ್ತಿದ್ದೆವು.

ಅದು ಮಗುವಿನ ತಪ್ಪಾಗಿರಲಿಲ್ಲ. ಅದನ್ನು ತಿಳಿಯಲು ನನಗೆ ಸ್ವಲ್ಪ ಕಾಲ ಬೇಕಾಯಿತು.

1995ರಲ್ಲಿ ನಮ್ಮ ತಾಲ್ಲೂಕಿನಲ್ಲಿ ಒಂದು ಹೊಸ ಕೆಲಸ ಶುರುವಾಯಿತು. ಇಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಶಾಲೆ ನೋಡಿ ಬಂದರು. ಕೂತು ಕಾರ್ಡು ಬರೆದರು. ಹಾಡು ಕಟ್ಟಿದರು. ನಲಿ ಕಲಿ ಹುಟ್ಟಿದ್ದು ಹಾಗೆ. ಆಮೇಲೆ ಅದು ಇಡೀ ರಾಜ್ಯಕ್ಕೆ ಹೋಯಿತು. ಹುಟ್ಟಿದ್ದು ಮಾತ್ರ ನಮ್ಮ ಕೋಟೆಯಲ್ಲಿ. ಈ ಮಾತನ್ನು ನಾನು ಎಲ್ಲಿ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ.

ಬೆಂಚು ಹೋಯಿತು. ಚಾಪೆ ಬಂತು. ತಲೆ ಮೇಲೆ ಚಪ್ಪರ ಬಂತು. ಮಕ್ಕಳು ಬರೆದ ಚಿತ್ರ ಅದರಲ್ಲಿ ನೇತಾಡುತ್ತಿತ್ತು.

ಅಕ್ಷರದ ಸಾಲೂ ಬದಲಾಯಿತು. ಅ ಆ ಇ ಈ ಅಲ್ಲ.

ರ.

ಗ.

ಸ.

ದ.

ಅ.

ಐದೇ ಅಕ್ಷರ. ಐದಕ್ಕೇ ಮಗು ಓದಲು ಶುರು ಮಾಡುತ್ತದೆ. ಸರ. ದರ. ಅರಸ. ಗರಗಸ.

ಮೊದಲ ಸಲ ಒಂದು ಮಗು “ಗರಗಸ” ಅಂತ ತಾನೇ ಓದಿತು. ಓದಿ ನನ್ನ ಮುಖ ನೋಡಿತು. ಸರಿ ಅಂತ ಹೇಳಲು ನನ್ನ ಬಾಯಿಂದ ಮಾತು ಹೊರಡಲಿಲ್ಲ. ತಲೆ ಆಡಿಸಿದೆ.

ಗೋಡೆಯ ಮೇಲೆ ಏಣಿ ಬಂತು. ಕಲಿಕೆಯ ಏಣಿ. ಪ್ರತಿ ಮಗುವಿಗೂ ಅದರಲ್ಲಿ ಒಂದು ಮೆಟ್ಟಿಲು. ಯಾರೂ ಯಾರಿಗೂ ಕಾಯಬೇಕಾಗಿಲ್ಲ. ಯಾರೂ ಯಾರ ಹಿಂದೆಯೂ ಓಡಬೇಕಾಗಿಲ್ಲ.

ಆ ವರ್ಷವೂ ಕೊಯ್ಲು ಬಂತು. ಹಾಡಿಯ ಒಬ್ಬಳು ಹುಡುಗಿ ಕೊಡಗಿಗೆ ಹೋದಳು. ಎರಡು ತಿಂಗಳು ಪತ್ತೆ ಇಲ್ಲ. ಇವಳೂ ಹೋದಳು ಅಂದುಕೊಂಡೆ.

ಒಂದು ಸೋಮವಾರ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಂದಳು. ನನ್ನ ಹತ್ತಿರ ಬರಲಿಲ್ಲ. ಹಿಂದಿನ ಸಾಲಿಗೂ ಹೋಗಲಿಲ್ಲ. ಹಿಂದಿನ ಸಾಲೇ ಇರಲಿಲ್ಲವಲ್ಲ!

ನೇರ ಏಣಿಯ ಹತ್ತಿರ ಹೋದಳು. ಬೆರಳಿಟ್ಟು ಹುಡುಕಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು.

“ಟೀಚರ್, ನಾನು ಎಲ್ಲಿದ್ದೆ?”

ತೋರಿಸಿದೆ. ಆ ಕಾರ್ಡು ತೆಗೆದುಕೊಂಡಳು. ಚಾಪೆ ಮೇಲೆ ಕೂತಳು. ಓದತೊಡಗಿದಳು.

ಅಷ್ಟೇ. ಏನೂ ಆಗಿಲ್ಲ ಅನ್ನುವ ಹಾಗೆ.

ಮೂವತ್ತೊಂದು ವರ್ಷದಲ್ಲಿ ಏನೇನೋ ಬಂತು. ಮೊದಲು ತಿಂಗಳಿಗೆ ಮೂರು ಕೆ.ಜಿ. ಅಕ್ಕಿ ಮನೆಗೆ ಕೊಡುತ್ತಿದ್ದೆವು. ಆಮೇಲೆ ಶಾಲೆಯಲ್ಲೇ ಬಿಸಿಯೂಟ. 2013ರಲ್ಲಿ ಹಾಲು. ಆ ದೊಡ್ಡ ಪಾತ್ರೆಯ ಮುಂದೆ ಹೊಗೆಯಲ್ಲಿ ನಿಂತ ಅಡುಗೆ ಅಕ್ಕಂದಿರು ಇಲ್ಲೇ ಇದ್ದಾರೆ. ಅಕ್ಕಾ, ಸ್ವಲ್ಪ ಎದ್ದು ನಿಲ್ಲಿ. ನಿಮ್ಮ ಕೈಯ ಅನ್ನ ತಿಂದು ಮಕ್ಕಳು ಓದಿದರು. ನಾನೂ ತಿಂದಿದ್ದೇನೆ.

ಕೊರೊನಾ ಬಂತು. ಶಾಲೆಗೆ ಬೀಗ ಬಿತ್ತು. ನಾವು ಮರದ ಕೆಳಗೆ ಕೂತೆವು. ಗುಡಿಯ ಜಗಲಿ ಮೇಲೆ ಕೂತೆವು. ಜಾಗ ಬಿಟ್ಟುಕೊಟ್ಟ ಊರಿನವರನ್ನು ನಾನು ಮರೆಯುವುದಿಲ್ಲ.

ಮಕ್ಕಳಿಗೆ ಒಂದು ಮಾತು ಹೇಳಬೇಕು. ನಾನು ಕೆಲವು ಸಲ ಸುಮ್ನೆ ಸಿಟ್ಟು ಮಾಡಿದ್ದೇನೆ. ಬಸ್ಸಿನ ಆಯಾಸ ನಿಮ್ಮ ಮೇಲೆ ತೀರಿಸಿಕೊಂಡಿದ್ದೇನೆ. ಅದು ತಪ್ಪು. ಕ್ಷಮಿಸಿ.

ಇನ್ನು ಒಂದೇ ಮಾತು ಇದೆ. ಇದು ಎಲ್ಲರಿಗೂ ಅಲ್ಲ. ಸೋಮವಾರದಿಂದ ನಲಿ ಕಲಿ ಕೊಠಡಿ ನೋಡಿಕೊಳ್ಳುವವರಿಗೆ.

ಎರಡನೇ ತರಗತಿಯ ಒಬ್ಬಳು ಕೊಡಗಿನಲ್ಲಿದ್ದಾಳೆ. ಕೊಯ್ಲು ಮುಗಿದ ಮೇಲೆ ಬರುತ್ತಾಳೆ. ಆಗ ನಾನು ಇರುವುದಿಲ್ಲ.

ಅವಳ ಮೆಟ್ಟಿಲು ಪ್ರಗತಿ ನೋಟದಲ್ಲಿ ಬರೆದಿಟ್ಟಿದ್ದೇನೆ. ಕಾರ್ಡು ಕಿಟಕಿ ಪಕ್ಕದ ತಟ್ಟೆಯಲ್ಲಿದೆ.

ಅವಳು ಕೇಳುತ್ತಾಳೆ. ತೋರಿಸಿ.

ನಮಸ್ಕಾರ.