ಎಲ್ಲಾ ಸಿಬ್ಬಂದಿಗೆ ಪ್ರಕಟಣೆ: ಸಲಹಾ ಪೆಟ್ಟಿಗೆಯಲ್ಲಿ ಸಿಕ್ಕ ಹೆಸರಿಲ್ಲದ ಪತ್ರದ ಬಗ್ಗೆ

18ನೇ ತಾರೀಖು, ಶನಿವಾರ

ಪ್ಯಾಕಿಂಗ್, ಗೋದಾಮು, ರವಾನೆ ಮತ್ತು ಕಚೇರಿ ವಿಭಾಗದ ಮೂರೂ ಶಿಫ್ಟ್‌ನವರಿಗೆ

ಎಲ್ಲರಿಗೂ ನಮಸ್ಕಾರ.

ಈ ತಿಂಗಳ 6ನೇ ತಾರೀಖು, ಸೋಮವಾರ ಬೆಳಿಗ್ಗೆ ಸಲಹಾ ಪೆಟ್ಟಿಗೆ ತೆರೆದಾಗ ನನ್ನ ಹೆಸರಿಗೆ ಬರೆದ ಒಂದು ಪತ್ರ ಸಿಕ್ಕಿತು. ಬರೆದವರ ಹೆಸರಿಲ್ಲ, ಫೋನ್ ನಂಬರ್ ಇಲ್ಲ, ಯಾವ ವಿಳಾಸವೂ ಇಲ್ಲ. ಅವರನ್ನು ಕರೆದು ಮಾತಾಡುವ ದಾರಿ ನನಗಿಲ್ಲ. ಅದಕ್ಕೇ ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ. ಪತ್ರ ಬರೆದವರೂ ನಿಮ್ಮ ನಡುವೆಯೇ ನಿಂತು ಇದನ್ನು ಓದುತ್ತಾರೆ ಅಂತ ನಂಬಿದ್ದೇನೆ.

ಮೊದಲು ಅವರಿಗೇ ಒಂದು ಮಾತು. ನಿಮ್ಮ ಪತ್ರ ಪೂರ್ತಿ ಓದಿದ್ದೇನೆ, ಎರಡು ಸಲ. "ಮೂಗರ್ಜಿ ಅಲ್ವಾ, ಫೈಲಿಗೆ ಹಾಕಿ ಸುಮ್ನೆ ಬಿಡಿ" ಅಂತ ನನಗೆ ಹೇಳಿದವರೂ ಇದ್ದಾರೆ. ಹಾಗೆ ಬಿಡಲಿಲ್ಲ. ಹೆಸರು ಹಾಕಿದರೆ ತೊಂದರೆ ಆಗುತ್ತೆ ಅಂತ ನಮ್ಮಲ್ಲಿ ಒಬ್ಬರಿಗೆ ಅನಿಸಿದೆ. ಅದಕ್ಕೆ ಕಾರಣ ನಾವು ಕೊಟ್ಟಿದ್ದೇವೆ, ಬರೆದವರು ಕೊಟ್ಟಿಲ್ಲ. ಆ ಭಯ ಬಂದದ್ದಕ್ಕೆ ನನಗೆ ನಿಜವಾಗಲೂ ಬೇಜಾರಾಗಿದೆ.

ಈಗ ಎಲ್ಲರಿಗೂ. ಕಳೆದ ವಾರ ಚಹಾ ವಿರಾಮದಲ್ಲಿ "ಯಾರು ಬರೆದಿರಬಹುದು" ಅಂತ ಊಹೆಯ ಮಾತು ನಡೆದದ್ದು ನನ್ನ ಕಿವಿಗೆ ಬಿದ್ದಿದೆ. ಒಬ್ಬರ ಕೈಬರಹದ ಬಗ್ಗೆಯೂ ಮಾತು ಬಂತಂತೆ. ದಯವಿಟ್ಟು ಇದನ್ನು ಇವತ್ತಿಗೇ ನಿಲ್ಲಿಸಿ. ನಾವು ಕೈಬರಹ ಹೋಲಿಸಿ ನೋಡಿಲ್ಲ. ಪೆಟ್ಟಿಗೆ ಹತ್ತಿರದ ಕ್ಯಾಮೆರಾ ದೃಶ್ಯ ತೆಗೆಸಿಲ್ಲ, ಮುಂದೆಯೂ ತೆಗೆಸುವುದಿಲ್ಲ. ಪತ್ರವನ್ನು ಓದಿದವರು ನಾನು ಮತ್ತು ತನಿಖೆಗೆ ನೇಮಿಸಿದ ಇನ್ನಿಬ್ಬರು ಮಾತ್ರ. ಅದು ಮುಚ್ಚಿದ ಲಕೋಟೆಯಲ್ಲಿ ನನ್ನ ಬೀರುವಿನಲ್ಲಿದೆ. ಬರೆದವರನ್ನು ಹುಡುಕಲು ಹೋಗುವುದು, ಯಾರ ಮೇಲಾದರೂ ಅನುಮಾನದಿಂದ ಶಿಫ್ಟ್ ಬದಲಿಸುವುದು, ಕಷ್ಟದ ಕೆಲಸಕ್ಕೆ ಹಾಕುವುದು, ಮಾತು ಬಿಡುವುದು, ಕುಟುಕುವುದು, ಇವೆಲ್ಲ ಶಿಸ್ತುಕ್ರಮಕ್ಕೆ ಒಳಪಡುವ ತಪ್ಪುಗಳು. ಮೇಲ್ವಿಚಾರಕರಿಗೂ ಇದು ಅಷ್ಟೇ ಅನ್ವಯಿಸುತ್ತದೆ. ಅನುಮಾನ ತಪ್ಪಾಗಿದ್ದರೆ ಪತ್ರಕ್ಕೆ ಸಂಬಂಧವೇ ಇಲ್ಲದವರು ನೋಯುತ್ತಾರೆ, ಅದನ್ನೂ ಯೋಚಿಸಿ.

ಪತ್ರವನ್ನು ಇಲ್ಲಿ ಅಂಟಿಸಿಲ್ಲ. ಕೆಲವು ಸಾಲುಗಳಿಂದ ಬರೆದವರ ಗುರುತು ಸಿಗಬಹುದು, ಇನ್ನು ಕೆಲವು ಸಾಲುಗಳಲ್ಲಿ ಬೇರೊಬ್ಬರ ಹೆಸರಿದೆ. ಆದರೆ ಅದರಲ್ಲಿದ್ದ ನಾಲ್ಕು ದೂರುಗಳೇನು, ನಮಗೆ ಕಂಡದ್ದೇನು ಅನ್ನುವುದನ್ನು ಮುಚ್ಚಿಡದೆ ಹೇಳುತ್ತೇನೆ.

ಅತಿ ಮುಖ್ಯವಾದದ್ದು ಬಾಗಿಲಿನ ವಿಷಯ. ಪ್ಯಾಕಿಂಗ್ ಹಾಲ್‌ನ ಹಿಂದಿನ ತುರ್ತು ಬಾಗಿಲಿಗೆ ರಾತ್ರಿ ಶಿಫ್ಟ್‌ನಲ್ಲಿ ಬೀಗ ಹಾಕುತ್ತಾರೆ ಅಂತ ಪತ್ರ ಹೇಳಿತ್ತು. ಯಾರಿಗೂ ಮೊದಲೇ ತಿಳಿಸದೆ, ಗುರುವಾರ ಬೆಳಗಿನ ಜಾವ 2 ಗಂಟೆಗೆ ನಾನೇ ಹೋಗಿ ನೋಡಿದೆ. ಬೀಗ ಇತ್ತು. ಬಾಗಿಲಿನ ಚೌಕಟ್ಟಿನ ಮೇಲೆಲ್ಲಾ ಧೂಳು, ಬೀಗ ಮಾತ್ರ ಫಳಫಳ ಹೊಳೆಯುತ್ತಿತ್ತು. ದಿನಾ ಕೈಯಾಡುವ ಬೀಗ ಅಂತ ನೋಡಿದರೇ ಗೊತ್ತಾಗುತ್ತಿತ್ತು. ಕೀಲಿ ಕೇಳಿದೆ. ಹಾಲ್‌ನ ಇನ್ನೊಂದು ತುದಿಯ ಮೇಜಿನ ಡ್ರಾಯರ್‌ನಲ್ಲಿತ್ತು, ಆರೇಳು ಕೀಲಿಗಳ ಗೊಂಚಲಿನಲ್ಲಿ. ಮೂರನೆಯ ಕೀಲಿ ಹೊಂದಿತು. ಬೀಗ ತೆರೆದ ಮೇಲೂ ಬಾಗಿಲು ಅರ್ಧಕ್ಕೆ ನಿಂತಿತು, ಹೊರಗೆ ಖಾಲಿ ಪ್ಯಾಲೆಟ್‌ಗಳನ್ನು ಒರಗಿಸಿದ್ದರು. ಕೇಳಿದ ಕ್ಷಣದಿಂದ ಹೊರಗೆ ಕಾಲಿಡುವವರೆಗೆ ನಾಲ್ಕು ನಿಮಿಷ ಹಿಡಿಯಿತು. ದೀಪ ಉರಿಯುತ್ತಿತ್ತು, ಹೊಗೆ ಇರಲಿಲ್ಲ, ಯಾರೂ ಗಾಬರಿಯಲ್ಲಿರಲಿಲ್ಲ. ಆಗಲೇ ನಾಲ್ಕು ನಿಮಿಷ. ಆ ಹೊತ್ತಿಗೆ ಒಳಗೆ 23 ಜನ ಕೆಲಸ ಮಾಡುತ್ತಿದ್ದರು.

ಬೀಗ ಯಾಕೆ ಅಂತ ಕೇಳಿದ್ದಕ್ಕೆ, ಸರಕು ಕಳುವಾಗಬಾರದು ಅಂತ ಉತ್ತರ ಬಂತು. 1911ರ ಮಾರ್ಚ್ 25ರಂದು ನ್ಯೂಯಾರ್ಕ್‌ನ ಟ್ರಯಾಂಗಲ್ ಉಡುಪು ಕಾರ್ಖಾನೆಗೆ ಬೆಂಕಿ ಬಿದ್ದಾಗಲೂ ಒಂದು ಬಾಗಿಲಿಗೆ ಬೀಗ ಇತ್ತು. ಕೆಲಸದವರು ಬಟ್ಟೆ ಕದ್ದು ಒಯ್ಯಬಾರದು ಅನ್ನುವುದೇ ಅಲ್ಲಿಯ ಕಾರಣವಾಗಿತ್ತು. 146 ಜನ ಸತ್ತರು, ಹೆಚ್ಚಿನವರು ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು. ಇಷ್ಟು ವರ್ಷವಾದ ಮೇಲೆ ಅದೇ ಕಾರಣವನ್ನು ನಮ್ಮ ಹಾಲ್‌ನಲ್ಲಿ ಕೇಳಿದಾಗ ನನಗೆ ನಿಂತಲ್ಲೇ ಕೈಕಾಲು ತಣ್ಣಗಾಯಿತು.

ಆ ಬೀಗವನ್ನು ಅದೇ ರಾತ್ರಿ ತೆಗೆಸಿದೆ. ಈಗ ಅಲ್ಲಿ ಒಳಗಿನಿಂದ ತಳ್ಳಿದರೆ ಕೀಲಿ ಇಲ್ಲದೆ ತೆರೆಯುವ ಅಡ್ಡಪಟ್ಟಿ ಹಾಕಿಸಿದ್ದೇವೆ. ಬಾಗಿಲು ತೆರೆದರೆ ಗಂಟೆ ಹೊಡೆಯುತ್ತದೆ, ಕಳ್ಳತನದ ಚಿಂತೆಗೆ ಅಷ್ಟು ಸಾಕು. ಹೊರಗೆ ನೆಲದ ಮೇಲೆ ಹಳದಿ ಗೆರೆ ಎಳೆಸಿದ್ದೇವೆ, ಅದರೊಳಗೆ ಏನನ್ನೂ ಇಡಬೇಡಿ. ಪ್ರತಿ ಶಿಫ್ಟ್ ಶುರುವಾಗುವಾಗ ಒಬ್ಬರು ಬಾಗಿಲು ತಳ್ಳಿ ನೋಡಿ ಪುಸ್ತಕದಲ್ಲಿ ಸಹಿ ಮಾಡಬೇಕು. ಜನ ಒಳಗಿರುವಾಗ ತುರ್ತು ಬಾಗಿಲಿಗೆ ಬೀಗ ಹಾಕಲು ಹೇಳುವ ಅಧಿಕಾರ ಈ ಸಂಸ್ಥೆಯಲ್ಲಿ ಯಾರಿಗೂ ಇಲ್ಲ, ನನಗೂ ಇಲ್ಲ. ಯಾರಾದರೂ ಹೇಳಿದರೆ ಪಾಲಿಸಬೇಡಿ, ಎಷ್ಟೇ ಹೊತ್ತಾಗಿದ್ದರೂ ನೇರವಾಗಿ ನನಗೆ ಫೋನ್ ಮಾಡಿ.

ಈ ಪತ್ರ ಬಾರದಿದ್ದರೆ ಆ ಬೀಗ ಇವತ್ತಿಗೂ ಅಲ್ಲೇ ಇರುತ್ತಿತ್ತು. ಬರೆದವರಿಗೆ ಕೃತಜ್ಞನಾಗಿದ್ದೇನೆ.

ಎರಡನೆಯದು ಓವರ್‌ಟೈಮ್. ಶಿಫ್ಟ್ ಮುಗಿದ ಮೇಲೆ ಮೇಜು ಒರೆಸಿ, ಲೆಕ್ಕ ಒಪ್ಪಿಸಿ ಹೊರಡುವ ಹೊತ್ತು ಸಂಬಳದಲ್ಲಿ ಬರುತ್ತಿಲ್ಲ ಅಂತ ದೂರು. ಎಂಟು ವಾರದ ಪಂಚಿಂಗ್ ದಾಖಲೆಯನ್ನು ಗೇಟಿನ ಪುಸ್ತಕದ ಜೊತೆ ಇಟ್ಟು ನೋಡಿದೆವು. ದೂರು ಸರಿಯಾಗಿದೆ. 15 ನಿಮಿಷಕ್ಕಿಂತ ಕಡಿಮೆ ಇದ್ದರೆ ಯಂತ್ರ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ದಿನಕ್ಕೆ 12 ನಿಮಿಷ ಕೇಳಲು ಸಣ್ಣದು. ತಿಂಗಳಿಗೆ 24 ದಿನ ಅಂದರೆ 4 ಗಂಟೆ 48 ನಿಮಿಷ. ಆರು ತಿಂಗಳಿಗೆ ಮೂರೂವರೆ ದಿನಕ್ಕಿಂತ ಜಾಸ್ತಿ ದುಡಿಮೆ. ಪ್ಯಾಕಿಂಗ್‌ನವರಿಗೆ ಮಾತ್ರವಲ್ಲ, ಈ ಯಂತ್ರದಲ್ಲಿ ಪಂಚ್ ಮಾಡುವ ಎಲ್ಲರಿಗೂ ಹೀಗೇ ಆಗಿದೆ. ಯಂತ್ರವನ್ನು ಸರಿ ಮಾಡಿಸಿದ್ದೇವೆ, ಈಗ ನಿಮಿಷದ ಲೆಕ್ಕ ಹಿಡಿಯುತ್ತದೆ. ಕಳೆದ ಆರು ತಿಂಗಳ ಬಾಕಿ ಈ ತಿಂಗಳ ಸಂಬಳದ ಜೊತೆಗೇ ಬರುತ್ತದೆ. ಅದಕ್ಕೂ ಹಿಂದಿನದ್ದನ್ನು ಹಳೆಯ ದಾಖಲೆಗಳಿಂದ ತೆಗೆಯಬೇಕು, ಎರಡು ತಿಂಗಳೊಳಗೆ ಕೊಡುತ್ತೇವೆ. ಕೆಲಸ ಬಿಟ್ಟು ಹೋದವರಿಗೂ ಸಲ್ಲಬೇಕು, ಅವರ ಪರಿಚಯ ಇದ್ದವರು ಲೆಕ್ಕಪತ್ರ ವಿಭಾಗಕ್ಕೆ ಬಂದು ಮಾತಾಡಲು ಅವರಿಗೆ ತಿಳಿಸಿ. ಬೇಕಂತಲೇ ಮಾಡಿದ್ದಕ್ಕೆ ಆಧಾರ ಸಿಗಲಿಲ್ಲ, ಆದರೆ ಯಾರೂ ಗಮನಿಸದೆ ಬಿಟ್ಟದ್ದು ನಮ್ಮ ತಪ್ಪು. ಕ್ಷಮಿಸಿ.

ಮೂರನೆಯದು ರಜೆ. ಬೇಕಾದವರಿಗೆ ಮಾತ್ರ ರಜೆ ಸಿಗುತ್ತದೆ ಅಂತ ಪತ್ರದಲ್ಲಿತ್ತು. ಪ್ಯಾಕಿಂಗ್ ವಿಭಾಗದಲ್ಲಿ ಮೂರು ತಿಂಗಳಲ್ಲಿ 41 ರಜೆ ಅರ್ಜಿ ಬಂದಿವೆ, 9 ತಿರಸ್ಕಾರವಾಗಿವೆ. ಆ 9ರಲ್ಲಿ 7 ರಾತ್ರಿ ಶಿಫ್ಟ್‌ನವರದು. ಪಕ್ಷಪಾತ ಅಂತ ಇದರಿಂದ ಹೇಳಲಾಗದು, ರಾತ್ರಿ ಬದಲಿ ಜನ ಕಡಿಮೆ ಅನ್ನುವುದೂ ನಿಜ. ಆದರೆ ರಾತ್ರಿಯವರಿಗೇ ಯಾವಾಗಲೂ ಇಲ್ಲ ಅನ್ನಿಸಿದರೆ ಅದು ನ್ಯಾಯವೂ ಅಲ್ಲ. ಇನ್ನು ಮುಂದೆ ರಜೆ ಇಲ್ಲ ಅನ್ನುವುದಾದರೆ ಕಾರಣವನ್ನು ಬರೆದು ಕೊಡಬೇಕು. ರಾತ್ರಿ ಶಿಫ್ಟ್‌ಗೆ ಇಬ್ಬರು ಬದಲಿ ಸಿಬ್ಬಂದಿಯನ್ನು ಕೊಡುತ್ತಿದ್ದೇವೆ.

ನಾಲ್ಕನೆಯದರಲ್ಲಿ ನಾನು ಅರ್ಧ ದಾರಿಯಲ್ಲಿ ನಿಂತಿದ್ದೇನೆ. ಒಬ್ಬರು ಎಲ್ಲರೆದುರು ಕೂಗಾಡುತ್ತಾರೆ, ಅವಮಾನ ಮಾಡುತ್ತಾರೆ ಅಂತ ಬರೆದಿದ್ದಾರೆ. ಯಾರು ಅಂತ ಇಲ್ಲಿ ಹೇಳುವುದಿಲ್ಲ, ನೀವೂ ಊಹಿಸಬೇಡಿ. ಆ ವ್ಯಕ್ತಿಯ ಮಾತನ್ನೂ ಕೇಳಿದ್ದೇವೆ, ಹಾಗೆ ನಡೆದಿಲ್ಲ ಅನ್ನುತ್ತಾರೆ. ಪತ್ರದಲ್ಲಿ ದಿನ, ಶಿಫ್ಟ್ ಯಾವುದೂ ಇಲ್ಲ. ಬರೆದವರ ಮಾತನ್ನು ನಾನು ತಳ್ಳಿಹಾಕುತ್ತಿಲ್ಲ. ಆದರೆ ಇಷ್ಟನ್ನೇ ನಂಬಿ ಒಬ್ಬರ ಮೇಲೆ ಕ್ರಮ ತೆಗೆದುಕೊಂಡರೆ ನಾಳೆ ನಿಮ್ಮಲ್ಲಿ ಯಾರ ಮೇಲಾದರೂ ಹಾಗೇ ಆಗಬಹುದು. ನನಗೆ ಬೇಕಾದದ್ದು ಇಷ್ಟು: ಯಾವ ವಾರ, ಹೆಚ್ಚುಕಡಿಮೆ ಎಷ್ಟು ಹೊತ್ತಿಗೆ, ಏನು ಮಾತು ಆಡಿದರು, ಹತ್ತಿರದಲ್ಲಿ ಎಷ್ಟು ಜನ ಇದ್ದರು. ಹೀಗೆ ನಡೆದದ್ದನ್ನು ಕಂಡ ಬೇರೆಯವರೂ ಬರೆಯಬಹುದು.

ಬರೆಯುವ ದಾರಿಯನ್ನೂ ಬದಲಿಸಿದ್ದೇವೆ. ಸಲಹಾ ಪೆಟ್ಟಿಗೆ ಇಷ್ಟು ದಿನ ಕ್ಯಾಮೆರಾ ಕೆಳಗೆ ಇತ್ತು, ಕೀಲಿ ಒಬ್ಬ ಮೇಲ್ವಿಚಾರಕರ ಹತ್ತಿರ ಇತ್ತು. ಅಂಥ ಪೆಟ್ಟಿಗೆಗೆ ಧೈರ್ಯವಾಗಿ ಯಾರು ಪತ್ರ ಹಾಕುತ್ತಾರೆ? ಸೋಮವಾರದಿಂದ ಅದು ಲಾಕರ್ ಕೋಣೆಗೆ ಹೋಗುವ ಓಣಿಯಲ್ಲಿರುತ್ತದೆ, ಅಲ್ಲಿ ಕ್ಯಾಮೆರಾ ಇಲ್ಲ. ಎರಡು ಬೀಗ ಇರುತ್ತವೆ. ಒಂದರ ಕೀಲಿ ನನ್ನ ಬಳಿ, ಇನ್ನೊಂದು ಸುರಕ್ಷತಾ ಸಮಿತಿಯಲ್ಲಿರುವ ಕಾರ್ಮಿಕ ಪ್ರತಿನಿಧಿಯ ಬಳಿ. ಇಬ್ಬರೂ ಸೇರಿದರೆ ಮಾತ್ರ ತೆರೆಯುತ್ತದೆ. ಅಂಚೆಯಲ್ಲಿ ಕಳಿಸಿದರೆ ಲಕೋಟೆ ಮೇಲೆ "ಖುದ್ದು" ಅಂತ ಬರೆಯಿರಿ, ನಾನೇ ಒಡೆಯುತ್ತೇನೆ.

ಇದು ಪತ್ರ ಬರೆದವರಿಗೆ. ನಿಮ್ಮ ಪತ್ರದ ಕೊನೆಯ ಸಾಲನ್ನು ನಾನು ಯಾರಿಗೂ ಹೇಳಿಲ್ಲ. ಮತ್ತೆ ಬರೆಯುವಾಗ ಆ ಸಾಲನ್ನು ಮೇಲೆ ಬರೆಯಿರಿ, ನೀವೇ ಅಂತ ನನಗೆ ಗೊತ್ತಾಗುತ್ತದೆ. ಜೊತೆಗೆ ನಾಲ್ಕು ಅಂಕಿಯ ಯಾವುದಾದರೂ ಒಂದು ಸಂಖ್ಯೆ ಹಾಕಿ. ಹುಟ್ಟಿದ ದಿನ, ಸಿಬ್ಬಂದಿ ಸಂಖ್ಯೆ, ಫೋನ್ ನಂಬರಿನ ತುಂಡು ಬೇಡ. ನನ್ನ ಉತ್ತರ ಈ ಫಲಕದಲ್ಲಿ ಆ ಸಂಖ್ಯೆಯ ಕೆಳಗೆ ಇರುತ್ತದೆ. ಕಚೇರಿಯ ಕಂಪ್ಯೂಟರ್, ಪ್ರಿಂಟರ್ ಬಳಸಬೇಡಿ, ಯಾರು ಯಾವಾಗ ಮುದ್ರಿಸಿದರು ಅನ್ನುವ ದಾಖಲೆ ಅದರಲ್ಲಿ ಉಳಿಯುತ್ತದೆ. ಕೈಬರಹದ ಚಿಂತೆ ಇದ್ದರೆ ನಂಬಿಕೆಯವರ ಕೈಲಿ ಬರೆಸಿ. ಹೆಸರು ಹೇಳಿ ಮಾತಾಡಲು ಮನಸ್ಸಾದರೆ ನನ್ನ ಬಾಗಿಲು ತೆರೆದಿದೆ, ಆದರೆ ಬರಲೇಬೇಕು ಅಂತ ಕೇಳುತ್ತಿಲ್ಲ.

ಇನ್ನು ಎರಡು ವಾರ, ಅಂದರೆ ಮುಂದಿನ ಶನಿವಾರದ ನಂತರದ ಶನಿವಾರದವರೆಗೆ, ನಾಲ್ಕನೆಯ ದೂರಿನ ತನಿಖೆ ತೆರೆದಿರುತ್ತದೆ. ಹೊಸ ಮಾಹಿತಿ ಬಂದರೂ ಬಾರದಿದ್ದರೂ ಅವತ್ತು ಇದೇ ಜಾಗದಲ್ಲಿ ಇನ್ನೊಂದು ಪ್ರಕಟಣೆ ಹಾಕುತ್ತೇನೆ. ಆಮೇಲೆ ಬರೆದರೂ ಮತ್ತೆ ತೆರೆಯುತ್ತೇವೆ.

ಓದಲು ಬಾರದವರಿಗೆ, ರಾತ್ರಿ ಶಿಫ್ಟ್‌ನವರಿಗೆ ಶಿಫ್ಟ್ ಶುರುವಾಗುವ ಮುಂಚೆ ನಾನೇ ಇದನ್ನು ಓದಿ ಹೇಳುತ್ತೇನೆ, ಸೋಮವಾರ ಮತ್ತು ಮಂಗಳವಾರ. ಈ ಹಾಳೆಯನ್ನು ಫಲಕದಿಂದ ಯಾರೂ ತೆಗೆಯಬೇಡಿ.

ಇಂತಿ,
ಘಟಕದ ಪ್ರಧಾನ ವ್ಯವಸ್ಥಾಪಕ