ಒಣ ಕಸ ಸಂಗ್ರಹಣಾ ಕೇಂದ್ರ ಸ್ಥಾಪನೆಗೆ ಧನಸಹಾಯ ಕೋರಿ ಪ್ರಸ್ತಾವನೆ

ಇವರಿಗೆ:
ಅಧ್ಯಕ್ಷರು, ಬದಿಯಡ್ಕ ಗ್ರಾಮ ಪಂಚಾಯತು, ಕಾಸರಗೋಡು ಜಿಲ್ಲೆ

ಮಾನ್ಯರೇ,

ನಮ್ಮದು 16 ಸದಸ್ಯೆಯರ ಕುಟುಂಬಶ್ರೀ ಅಯಲ್‌ಕೂಟ. ನಮ್ಮ ಪರಿಸರದ 240 ಮನೆಗಳಿಗಾಗಿ ಒಂದು ಒಣ ಕಸ ಸಂಗ್ರಹಣಾ ಕೇಂದ್ರವನ್ನು ಆರಂಭಿಸಿ ನಾವೇ ನಡೆಸಲು ನಿರ್ಧರಿಸಿದ್ದು, ಅದಕ್ಕೆ 3,00,000 ರೂಪಾಯಿ ಅನುದಾನವನ್ನು ಕೋರುತ್ತಿದ್ದೇವೆ.

ಹಸಿ ಕಸ ಇಲ್ಲಿ ದೊಡ್ಡ ಸಮಸ್ಯೆಯಲ್ಲ. ಅದು ತೆಂಗು, ಅಡಿಕೆ, ಬಾಳೆಯ ಬುಡಕ್ಕೆ ಗೊಬ್ಬರವಾಗುತ್ತದೆ. ಉಳಿಯುವುದು ಹಾಲಿನ ತೊಟ್ಟೆ, ತಿಂಡಿಯ ಪ್ಯಾಕೆಟ್, ರಟ್ಟು, ಬಾಟಲಿ, ಹರಿದ ಚಪ್ಪಲಿ, ಅದರ ಜೊತೆಗೆ ತೋಟದಿಂದ ಬರುವ ಗೊಬ್ಬರದ ಚೀಲ ಮತ್ತು ಹಳೆಯ ಟಾರ್ಪಾಲು. ಕಸವನ್ನು ಮೂಲದಲ್ಲೇ ಬೇರ್ಪಡಿಸುವುದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳ ಕಾಲದಿಂದಲೂ ಕಡ್ಡಾಯವಾಗಿದ್ದು, ಹೆಚ್ಚಿನ ಮನೆಗಳವರು ಬೇರ್ಪಡಿಸಿಯೇ ಇಡುತ್ತಾರೆ. ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕದ ಮಳೆಯಲ್ಲಿ, ಹರಿತ ಕರ್ಮಸೇನೆಯ ವಾಹನ ಬರುವ ಮೊದಲೇ ಜಗಲಿಯ ಬದಿಯಲ್ಲಿಟ್ಟ ಚೀಲ ಒದ್ದೆಯಾದರೆ, ರಟ್ಟು ಕೊಳೆತು, ಕೆಸರು ಹಿಡಿದ ಪ್ಲಾಸ್ಟಿಕ್ಕಿಗೆ ಗುಜರಿಯವರೂ ಬೆಲೆ ಕೊಡುವುದಿಲ್ಲ. ಕೊನೆಗೆ ಅದು ಬಚ್ಚಲೊಲೆಗೆ ಹೋಗುತ್ತದೆ. ಆ ಹೊಗೆಯಲ್ಲಿರುವ ವಿಷವನ್ನು ಮೊದಲು ಉಸಿರಾಡುವವರು ಒಲೆಯ ಮುಂದಿರುವ ಹೆಂಗಸರು ಮತ್ತು ಮಕ್ಕಳು ಎಂಬುದೇ ನಾವು ಈ ಕೆಲಸಕ್ಕೆ ಇಳಿಯಲು ಮುಖ್ಯ ಕಾರಣ.

ಸದಸ್ಯೆಯೊಬ್ಬರ ಕುಟುಂಬವು ರಸ್ತೆ ಬದಿಯ ಆರು ಸೆಂಟ್ಸ್ ಜಾಗವನ್ನು ಐದು ವರ್ಷಗಳಿಗೆ ಬಾಡಿಗೆಯಿಲ್ಲದೆ ಬಿಟ್ಟುಕೊಡಲು ಲಿಖಿತವಾಗಿ ಒಪ್ಪಿದೆ. ಅಲ್ಲಿ 600 ಚದರಡಿಯ, ಕಾಂಕ್ರೀಟು ನೆಲದ ಶೀಟಿನ ಶೆಡ್ಡಿಗೆ 1,80,000 ರೂಪಾಯಿ, ಬೇಲಿಂಗ್ ಯಂತ್ರಕ್ಕೆ 1,10,000, ವಿಂಗಡಣೆಯ ಮೇಜು ಮತ್ತು ಕಪಾಟುಗಳಿಗೆ 28,000, ತೂಕದ ಯಂತ್ರಕ್ಕೆ 12,000, ಕೈಗವಸು, ಗಂಬೂಟು, ಬೆಂಕಿ ನಂದಿಸುವ ಸಾಧನ ಇತ್ಯಾದಿಗಳಿಗೆ 20,000, ಹೀಗೆ ಒಟ್ಟು 3,50,000 ರೂಪಾಯಿ ಬೇಕಾಗುತ್ತದೆ. ಇದರಲ್ಲಿ 50,000 ರೂಪಾಯಿಯನ್ನು ಉಳಿತಾಯದಿಂದ ನಾವೇ ಭರಿಸುತ್ತೇವೆ. ಹಣ ಕಂತುಗಳಲ್ಲಿ ಬರುವುದಾದರೆ ಮೊದಲ ಕಂತನ್ನು ಶೆಡ್ಡಿಗೇ ನೀಡಬೇಕೆಂದು ವಿನಂತಿ. ಯಂತ್ರ ತಡವಾದರೆ ಕೈಯಿಂದಲೇ ಕಟ್ಟು ಕಟ್ಟಬಹುದು, ಮಾಡು ಇಲ್ಲದೆ ಮಳೆಗಾಲ ಕಳೆಯಲಾಗದು.

ಹರಿತ ಕರ್ಮಸೇನೆ ಮನೆಗಳಿಂದ ತರುವ ಕಸವನ್ನೂ, ಊರವರು ತಾವಾಗಿ ತರುವುದನ್ನೂ ತೂಗಿ, ದಾಖಲಿಸಿ, ವಿಂಗಡಿಸುತ್ತೇವೆ. ಬೆಲೆಯಿರುವುದನ್ನು ಗುಜರಿಗೆ ಮಾರಿ, ಮರುಬಳಕೆಯಾಗದ್ದನ್ನು ಪಂಚಾಯತಿನ ಮೂಲಕ ಕ್ಲೀನ್ ಕೇರಳ ಕಂಪೆನಿಗೆ ಒಪ್ಪಿಸುತ್ತೇವೆ. ಹಸಿ ಕಸ, ಡಯಾಪರ್ ಮತ್ತು ಆಸ್ಪತ್ರೆಯ ಕಸವನ್ನು ಸ್ವೀಕರಿಸುವುದಿಲ್ಲ. ಮಾರಾಟದ ಆದಾಯವೊಂದರಿಂದಲೇ ಮೊದಲ ವರ್ಷ ಕೇಂದ್ರದಲ್ಲಿ ದುಡಿಯುವ ನಾಲ್ವರ ಕೂಲಿ ಹೊರಡದು. ಆದ್ದರಿಂದ ಮನೆಗಳಿಂದ ಸಂಗ್ರಹವಾಗುವ ಯೂಸರ್ ಫೀಯಲ್ಲಿ ವಿಂಗಡಣೆಯ ಪಾಲನ್ನು ಹರಿತ ಕರ್ಮಸೇನೆಯೊಂದಿಗೆ ಚರ್ಚಿಸಿ ಪಂಚಾಯತು ನಿಗದಿಪಡಿಸಬೇಕಾಗಿ ಕೋರುತ್ತೇವೆ. ತಿಂಗಳ ಲೆಕ್ಕವನ್ನು ಕನ್ನಡ ಮತ್ತು ಮಲಯಾಳದಲ್ಲಿ ಕೇಂದ್ರದ ಫಲಕದಲ್ಲಿ ಪ್ರಕಟಿಸಿ, ಪ್ರತಿಯನ್ನು ಸಿ.ಡಿ.ಎಸ್.ಗೆ ಸಲ್ಲಿಸುತ್ತೇವೆ.

ಜಾಗದ ಒಪ್ಪಿಗೆ ಪತ್ರ, ಶೆಡ್ಡಿನ ಅಂದಾಜು ಪಟ್ಟಿ ಮತ್ತು ಅಯಲ್‌ಕೂಟದ ನಿರ್ಣಯದ ಪ್ರತಿಗಳನ್ನು ಲಗತ್ತಿಸಿದ್ದೇವೆ. ಮೇ ತಿಂಗಳೊಳಗೆ ಶೆಡ್ಡು ಪೂರ್ಣಗೊಳ್ಳುವಂತೆ ಮಂಜೂರಾತಿ ನೀಡಬೇಕಾಗಿ ಪ್ರಾರ್ಥನೆ.

ಇಂತು,
ಅಧ್ಯಕ್ಷೆ, ಕಾರ್ಯದರ್ಶಿ ಮತ್ತು ಸರ್ವ ಸದಸ್ಯೆಯರು