ಸಂಘದ ಸಾಲದ ವಿಧೇಯಕದಲ್ಲಿ ಏನಿದೆ: ಸಭೆಗೆ ಸಾರಾಂಶ

ಸಿಂಧನೂರು, ಮಾರ್ಚ್ 2025

ಸಿಂಧನೂರು, ಮಸ್ಕಿ, ಮಾನ್ವಿ ತಾಲ್ಲೂಕುಗಳ ಮಹಿಳಾ ಗುಂಪುಗಳ ಪ್ರತಿನಿಧಿಗಳಿಗೆ

ಕರ್ನಾಟಕ ಕಿರು ಸಾಲ ಮತ್ತು ಸಣ್ಣ ಸಾಲ (ಬಲವಂತದ ಕ್ರಮಗಳ ಪ್ರತಿಬಂಧಕ) ವಿಧೇಯಕ, 2025 ವಿಧಾನಮಂಡಲದ ಮುಂದಿದೆ. ಫೆಬ್ರುವರಿ 12ರಂದು ಹೊರಬಿದ್ದ ಸುಗ್ರೀವಾಜ್ಞೆಯ ಜಾಗಕ್ಕೆ ಇದು ಬರುತ್ತದೆ. ಸದನ ಮತ್ತೆ ಸೇರಿದ ಆರು ವಾರಗಳಲ್ಲಿ ಸುಗ್ರೀವಾಜ್ಞೆ ತಾನಾಗಿ ಸತ್ತುಹೋಗುತ್ತದೆ ಎನ್ನುತ್ತದೆ ಸಂವಿಧಾನದ 213ನೇ ವಿಧಿ. ಸರ್ಕಾರಕ್ಕೆ ಅವಸರವಿರುವುದು ಅದಕ್ಕೇ. ಖಂಡಗಳ ಸಂಖ್ಯೆಯನ್ನು ಇಲ್ಲಿ ಹಾಕಿಲ್ಲ, ತಿದ್ದುಪಡಿ ಬಂದರೆ ಅವು ಹಿಂದುಮುಂದಾಗುತ್ತವೆ.

ಕಳೆದ ವಾರ ಹಲವರು ಕೇಳಿದ ಪ್ರಶ್ನೆಗೆ ಮೊದಲು ಉತ್ತರ. "ಸಾಲ ಮನ್ನಾ ಆಯಿತಂತೆ, ಇನ್ನು ಕಂತು ಕಟ್ಟಬೇಕಿಲ್ಲವಂತೆ, ಹೌದೇ?" ಎಲ್ಲರ ಸಾಲವೂ ಮನ್ನಾ ಆಗಿಲ್ಲ. ಯಾರು ಕೊಟ್ಟ ಸಾಲ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮುಂದಿನದನ್ನು ಓದುವಾಗ ನಿಮ್ಮ ಸಾಲದ ಕಾರ್ಡನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಉದ್ದೇಶ

ಆರ್ಥಿಕವಾಗಿ ದುರ್ಬಲರಾದವರನ್ನು, ವಿಶೇಷವಾಗಿ ರೈತರು, ಮಹಿಳೆಯರು ಮತ್ತು ಮಹಿಳಾ ಸ್ವಸಹಾಯ ಗುಂಪುಗಳನ್ನು, ವಿಪರೀತ ಬಡ್ಡಿ ಮತ್ತು ಬಲವಂತದ ವಸೂಲಿಯಿಂದ ಕಾಪಾಡುವುದು ವಿಧೇಯಕದ ಉದ್ದೇಶ. ಕಿರು ಸಾಲ ಸಂಸ್ಥೆಗಳ ಜೊತೆಗೆ ಲೇವಾದೇವಿ ಮಾಡುವ ಏಜೆನ್ಸಿಗಳನ್ನೂ ಇದು ಹಿಡಿಯುತ್ತದೆ. ಇಂಥ ಪ್ರಯತ್ನ ಇದೇ ಮೊದಲಲ್ಲ: ನಮ್ಮ ಪಕ್ಕದ ಆಂಧ್ರ 2010ರಲ್ಲೇ ಇದೇ ಹಾದಿಯ ಕಾನೂನು ತಂದಿತ್ತು.

ಯಾರಿಗೆ ಅನ್ವಯ, ಯಾರಿಗೆ ಇಲ್ಲ

ಸಾರಾಂಶದಲ್ಲಿ ಮುಖ್ಯವಾದ ಭಾಗ ಇದು. ಭಾಷಣಗಳಲ್ಲಿ ಇದನ್ನು ಯಾರೂ ಹೇಳುತ್ತಿಲ್ಲ. ಬ್ಯಾಂಕುಗಳು ಮತ್ತು ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಬ್ಯಾಂಕೇತರ ಹಣಕಾಸು ಕಂಪನಿಗಳು ವಿಧೇಯಕದ ಹೊರಗಿವೆ. ವಾರಕ್ಕೊಮ್ಮೆ ಕಟ್ಟೆಯ ಮೇಲೆ ಸಭೆ ಸೇರಿಸಿ ಕಂತು ಎತ್ತುವ ದೊಡ್ಡ ಕಂಪನಿಗಳು ಬಹುಪಾಲು ಈ ಗುಂಪಿನವೇ.

ಹಾಗೆಂದು ಅವರಿಗೆ ಅಂಕೆಯೇ ಇಲ್ಲವೆಂದಲ್ಲ. 2022ರ ರಿಸರ್ವ್ ಬ್ಯಾಂಕ್ ನಿರ್ದೇಶನದ ಪ್ರಕಾರ, ವರ್ಷಕ್ಕೆ 3 ಲಕ್ಷ ರೂಪಾಯಿವರೆಗಿನ ಆದಾಯದ ಕುಟುಂಬಕ್ಕೆ ಕೊಡುವ ಕಿರು ಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಬೆಳಗ್ಗೆ 9ರ ಮೊದಲು, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ. ಗೊತ್ತುಪಡಿಸಿದ ಜಾಗಕ್ಕೆ ಸಾಲಗಾರರು ಸತತ ಎರಡು ಬಾರಿ ಬಾರದಿದ್ದರೆ ಮಾತ್ರ ಮನೆ ಅಥವಾ ಕೆಲಸದ ಜಾಗಕ್ಕೆ ಬರಬಹುದು. ಇದನ್ನು ಮುರಿದ ಕಂಪನಿಯ ಮೇಲೆ ರಿಸರ್ವ್ ಬ್ಯಾಂಕಿಗೆ ದೂರು ಕೊಡಬಹುದು, ಸಹಾಯವಾಣಿ 14448. ಹೆದರಿಸಿದರೆ, ಮನೆಗೆ ನುಗ್ಗಿದರೆ ಭಾರತೀಯ ನ್ಯಾಯ ಸಂಹಿತೆ ಎಲ್ಲರಿಗೂ ಒಂದೇ. ಆದರೆ ಮುಂದೆ ಹೇಳುವ ಹತ್ತು ವರ್ಷದ ಶಿಕ್ಷೆಯಾಗಲಿ, ಸಾಲ ತೀರಿತೆಂಬ ಮಾತಾಗಲಿ ಅವರಿಗೆ ತಗಲುವುದಿಲ್ಲ.

ಸಾಲ ಕೊಡುವವರು ಮಾಡಬೇಕಾದದ್ದು

ಕಾಯ್ದೆ ಜಾರಿಯಾದ 30 ದಿನಗಳೊಳಗೆ ಜಿಲ್ಲೆಯ ನೋಂದಣಿ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ಯಾವ ಊರುಗಳಲ್ಲಿ ವ್ಯವಹಾರ, ಎಷ್ಟು ಬಡ್ಡಿ, ವಸೂಲಿ ಹೇಗೆ, ವಸೂಲಿಗೆ ಬರುವವರು ಯಾರು ಯಾರು, ಇಷ್ಟನ್ನೂ ಅದರಲ್ಲಿ ಬರೆಯಬೇಕು. ಈ ಹೆಸರಿನ ಪಟ್ಟಿ ನಮಗೆ ಬಹಳ ಉಪಯೋಗದ್ದು. ಮೋಟಾರ್ ಸೈಕಲ್ ಮೇಲೆ ಬಂದು "ನಾನು ಆಫೀಸಿನವನು" ಎನ್ನುವವನು ಪಟ್ಟಿಯಲ್ಲಿದ್ದಾನೋ ಇಲ್ಲವೋ ಎಂದು ಇನ್ನು ಕೇಳಬಹುದು. ದೂರು ಬಂದರೆ ನೋಂದಣಿ ರದ್ದು ಮಾಡುವ ಅಧಿಕಾರವೂ ಪ್ರಾಧಿಕಾರಕ್ಕಿದೆ.

ಸಾಲಕ್ಕೆ ಒತ್ತೆ, ಅಡಮಾನ ಅಥವಾ ಬೇರೆ ಭದ್ರತೆ ಪಡೆಯುವಂತಿಲ್ಲ. ಬಡ್ಡಿ ದರವನ್ನು ಕಚೇರಿಯಲ್ಲಿ ಕಾಣುವಂತೆ ಹಾಕಬೇಕು. ಸಾಲಗಾರರೊಂದಿಗಿನ ವ್ಯವಹಾರ ಕನ್ನಡದಲ್ಲಿರಬೇಕು.

ಬಡ್ಡಿಯ ವಿಷಯಕ್ಕೆ ಬಂದಾಗ ಒಂದು ಕಾರ್ಡನ್ನು ಬಿಡಿಸಿ ತೋರಿಸುತ್ತೇನೆ. ಮಾನ್ವಿ ಕಡೆಯ ಹೆಣ್ಣುಮಗಳೊಬ್ಬಳು ತಂದದ್ದು. ಗಂಡ ಬೆಂಗಳೂರಿಗೆ ಗುಳೆ ಹೋಗಿದ್ದಾನೆ, ಆಕೆ ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಾಳೆ. ಸಾಲ 40,000 ರೂಪಾಯಿ. ವಾರಕ್ಕೆ 960ರಂತೆ 50 ಕಂತು, ಒಟ್ಟು 48,000. ಬಡ್ಡಿ ನೂರಕ್ಕೆ 20 ಎಂದು ಏಜೆಂಟ್ ಹೇಳಿದ್ದ. ಆದರೆ ಮೊದಲ ವಾರದಿಂದಲೇ ಅಸಲು ಇಳಿಯುತ್ತಾ ಹೋಗುತ್ತದೆ, ಕೊನೆಯ ವಾರಗಳಲ್ಲಿ ಆಕೆಯ ಬಳಿ ಉಳಿದಿರುವ ಸಾಲ ಸಾವಿರ, ಎರಡು ಸಾವಿರ. ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ವಾರ್ಷಿಕ ಬಡ್ಡಿ 38ರ ಆಸುಪಾಸಿಗೆ ಹೋಗುತ್ತದೆ. ವಿಮೆ, ಅರ್ಜಿ ಶುಲ್ಕವೆಂದು 1,600 ಮುರಿದುಕೊಂಡು ಕೈಗೆ ಕೊಟ್ಟದ್ದು 38,400, ಆ ಲೆಕ್ಕ ಸೇರಿಸಿದರೆ ಇನ್ನೂ ಹೆಚ್ಚು. ಗೋಡೆಗೆ 20 ಎಂದು ಬರೆದು ಅಂಟಿಸಿದರೂ ಇಲ್ಲಿ ಸುಳ್ಳು ಹೇಳಿದಂತಾಗುವುದಿಲ್ಲ ಎಂಬುದೇ ತೊಂದರೆ. ನಿಯಮಗಳ ಮಾತು ಬಂದಾಗ ಇದನ್ನು ಮತ್ತೆ ಎತ್ತುತ್ತೇನೆ.

ಹೊಸ ಅಪರಾಧಗಳು

ಬಲವಂತದ ಕ್ರಮ ಎಂದರೇನು ಎಂಬುದನ್ನು ವಿಧೇಯಕ ಬಿಡಿಸಿ ಹೇಳುತ್ತದೆ. ಸಾಲಗಾರರನ್ನು ಅಥವಾ ಮನೆಯವರನ್ನು ತಡೆಯುವುದು, ಹೊಡೆಯುವುದು, ಅವಮಾನಿಸುವುದು, ಬೆದರಿಸುವುದು. ಹೋದಲ್ಲೆಲ್ಲ ಬೆನ್ನು ಹತ್ತುವುದು. ಅವರ ಆಸ್ತಿಗೆ ಕೈಹಾಕುವುದು ಅಥವಾ ಅದನ್ನು ಬಳಸದಂತೆ ಮಾಡುವುದು. ಮನೆಗೆ, ಕೆಲಸದ ಜಾಗಕ್ಕೆ ಪದೇ ಪದೇ ಎಡತಾಕುವುದು. ಹೊರಗಿನ ಏಜೆನ್ಸಿಯವರನ್ನು, ರೌಡಿಗಳನ್ನು ಬಿಟ್ಟು ವಸೂಲಿ ಮಾಡಿಸುವುದು. ಸರ್ಕಾರದ ಸೌಲಭ್ಯ ಪಡೆಯಲು ಬೇಕಾದ ದಾಖಲೆಗಳನ್ನು ಕಿತ್ತುಕೊಳ್ಳುವುದು. ಮನೆಗೆ ಬೀಗ ಜಡಿಯುವುದು, ರೇಷನ್ ಕಾರ್ಡ್ ಇಟ್ಟುಕೊಳ್ಳುವುದು ಇಲ್ಲಿಗೆ ಸಲೀಸಾಗಿ ಬರುತ್ತವೆ.

ನಮ್ಮಲ್ಲಿ ಹೆಚ್ಚು ನಡೆಯುವುದು ಬೇರೆಯೇ. ಹತ್ತು ಜನರ ಗುಂಪಿನಲ್ಲಿ ಒಬ್ಬಳು ಕಂತು ತರದಿದ್ದರೆ ಏಜೆಂಟ್ ಬಯ್ಯುವುದಿಲ್ಲ, ಬೆದರಿಸುವುದಿಲ್ಲ. ಸುಮ್ಮನೆ ಕುಳಿತುಕೊಳ್ಳುತ್ತಾನೆ. "ಇವರ ದುಡ್ಡು ಬರುವವರೆಗೂ ಯಾರೂ ಏಳಬೇಡಿ" ಎನ್ನುತ್ತಾನೆ. ಕೂಲಿಗೆ ಹೊತ್ತಾಗುತ್ತದೆ, ಒಲೆಯ ಮೇಲೆ ಅನ್ನ ಇಟ್ಟು ಬಂದವರಿರುತ್ತಾರೆ. ಉಳಿದ ಒಂಬತ್ತು ಜನ ತಾವೇ ಎದ್ದು ಅವಳ ಮನೆಗೆ ಹೋಗುತ್ತಾರೆ, ಬಾಯಿಗೆ ಬಂದದ್ದು ಅನ್ನುತ್ತಾರೆ, ಕೆಲವೊಮ್ಮೆ ಕೊಡ, ಕುಕ್ಕರ್ ಎತ್ತಿಕೊಂಡು ಬರುತ್ತಾರೆ. ಅವಮಾನ ಮಾಡಿದವರು ಯಾರು? ಕಾಗದದ ಮೇಲೆ ಅಕ್ಕಪಕ್ಕದ ಮನೆಯವರು. ಗುಂಪಿನ ಸದಸ್ಯರ ಕೈಯಿಂದ ಮಾಡಿಸುವ ಬಲವಂತವೂ ಸಾಲ ಕೊಟ್ಟವರದ್ದೇ ಅಪರಾಧ ಎಂಬ ಒಂದು ಸಾಲು ಸ್ಪಷ್ಟವಾಗಿ ಸೇರಬೇಕು ಎಂದು ನನ್ನ ಅಭಿಪ್ರಾಯ. ಇಲ್ಲವಾದರೆ ಪ್ರಕರಣ ನಮ್ಮ ಹೆಣ್ಣುಮಕ್ಕಳ ಮೇಲೆಯೇ ತಿರುಗುವ ಅಪಾಯವಿದೆ. ಶಾಸಕರಿಗೆ ಕೊಡುವ ಮನವಿಯಲ್ಲಿ ಇದನ್ನೇ ಮೊದಲ ಬೇಡಿಕೆ ಮಾಡೋಣ.

ಶಿಕ್ಷೆ

ಕನಿಷ್ಠ ಆರು ತಿಂಗಳು, ಗರಿಷ್ಠ ಹತ್ತು ವರ್ಷ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ. ಅಪರಾಧ ಸಂಜ್ಞೇಯ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು. ಜಾಮೀನುರಹಿತ ಕೂಡ. ಜಾಮೀನು ಎಂದೂ ಸಿಗುವುದಿಲ್ಲವೆಂದು ಇದರ ಅರ್ಥವಲ್ಲ. ಅದು ಹಕ್ಕಾಗಿ ಸಿಗುವುದಿಲ್ಲ, ಕೊಡುವುದು ಬಿಡುವುದು ನ್ಯಾಯಾಲಯದ ವಿವೇಚನೆ. ಠಾಣೆಯಲ್ಲಿ ದೂರು ದಾಖಲಿಸಲು ನಿರಾಕರಿಸುವಂತಿಲ್ಲ. ಡಿವೈಎಸ್‌ಪಿ ಮತ್ತು ಮೇಲಿನ ದರ್ಜೆಯ ಅಧಿಕಾರಿ ದೂರಿಲ್ಲದೆಯೂ ಸ್ವತಃ ಪ್ರಕರಣ ದಾಖಲಿಸಬಹುದು. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ.

ರಾಜ್ಯಪಾಲರು ಸುಗ್ರೀವಾಜ್ಞೆಯನ್ನು ಮೊದಲ ಸಲ ಹಿಂದಿರುಗಿಸಿದಾಗ ಶಿಕ್ಷೆ ಅತಿಯಾಯಿತು ಎಂಬ ಆಕ್ಷೇಪವೂ ಇತ್ತು. ಅದರಲ್ಲಿ ಹುರುಳಿಲ್ಲವೆನ್ನಲಾರೆ. ಶಿಕ್ಷೆ ಭಾರಿಯಾದಷ್ಟೂ ಪ್ರಕರಣ ದಾಖಲಿಸುವ ಕೈ ಹಿಂಜರಿಯುವುದನ್ನು ಠಾಣೆಗಳಲ್ಲಿ ನೋಡಿದ್ದೇನೆ. ಇನ್ನೊಂದು ಮಾತು: ಕಾನೂನು ಬರುವ ಮೊದಲು ನಡೆದ ಕಿರುಕುಳಕ್ಕೆ ಈ ಹೊಸ ಶಿಕ್ಷೆ ಹಾಕಲು ಸಂವಿಧಾನದ 20ನೇ ವಿಧಿ ಬಿಡುವುದಿಲ್ಲ. ಕಳೆದ ದೀಪಾವಳಿಯಲ್ಲಿ ನಡೆದ ಕಿರುಕುಳಕ್ಕೆ ನ್ಯಾಯ ಸಂಹಿತೆಯೇ ದಾರಿ.

ಸಾಲ ತೀರಿತು ಎಂಬ ಖಂಡ

ನೋಂದಣಿಯಿಲ್ಲದ, ಪರವಾನಗಿಯಿಲ್ಲದ ಸಂಸ್ಥೆ ಅಥವಾ ಲೇವಾದೇವಿದಾರರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ಬಡ್ಡಿಸಹಿತ ತೀರಿತೆಂದು ಭಾವಿಸಲಾಗುತ್ತದೆ. ಅದರ ವಸೂಲಿಗೆ ಸಿವಿಲ್ ನ್ಯಾಯಾಲಯ ದಾವೆ ತೆಗೆದುಕೊಳ್ಳುವುದಿಲ್ಲ. ಖಾಲಿ ಚೆಕ್, ಬಾಂಡ್ ಪೇಪರ್ ಇಟ್ಟುಕೊಂಡು ಮೀಟರ್ ಬಡ್ಡಿಗೆ ಕೊಡುವವರಿಗೆ ಇದು ನೇರ ಪೆಟ್ಟು. ಸಾಲ ಕೊಟ್ಟವರು ನೋಂದಾಯಿಸಿದ್ದಾರೋ ಇಲ್ಲವೋ ಎಂದು ಜಿಲ್ಲಾ ಕಚೇರಿಯಲ್ಲಿ ಖಾತ್ರಿ ಮಾಡಿಕೊಳ್ಳದೆ ಯಾರೂ ಕಂತು ನಿಲ್ಲಿಸಬೇಡಿ. ವಿವಾದ ಬಗೆಹರಿಸಲು ಸಾಲಗಾರರಿಗೂ ಸಾಲ ಕೊಟ್ಟವರಿಗೂ ನಡುವೆ ಒಂಬುಡ್ಸ್‌ಮನ್ ನೇಮಿಸಲು ಸರ್ಕಾರಕ್ಕೆ ಅಧಿಕಾರವಿದೆ. "ನೇಮಿಸಬಹುದು" ಎಂದಿದೆ, "ನೇಮಿಸತಕ್ಕದ್ದು" ಎಂದಿಲ್ಲ.

ನಿಯಮಗಳಿಗೆ ಬಿಟ್ಟದ್ದು

ಕಾಯ್ದೆಯ ಉದ್ದೇಶಗಳನ್ನು ನೆರವೇರಿಸಲು ಸರ್ಕಾರ ಅಧಿಸೂಚನೆ ಹೊರಡಿಸಿ ನಿಯಮ ಮಾಡಬಹುದು. ಅವನ್ನು ಎರಡೂ ಸದನಗಳ ಮುಂದೆ ಒಟ್ಟು 30 ದಿನ ಇಡಬೇಕು, ಸದನ ಅವನ್ನು ತಿದ್ದಬಹುದು ಅಥವಾ ರದ್ದು ಮಾಡಬಹುದು. ನಮೂನೆ, ಶುಲ್ಕ ಮುಂತಾದ ಸಣ್ಣ ವಿವರಗಳು ಇಲ್ಲಿಗೆ ಬರುತ್ತವೆ. ಸಣ್ಣವೆಂದು ಕಾಣುತ್ತವೆ, ಅಷ್ಟೇ.

ನಾವು ಕೇಳಬೇಕಾದವು ಮೂರು. ಬಡ್ಡಿಯನ್ನು ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿ, ಮುರಿದುಕೊಂಡ ಶುಲ್ಕವನ್ನೂ ಸೇರಿಸಿ, ಒಂದೇ ವಾರ್ಷಿಕ ಅಂಕಿಯಾಗಿ ಕಾರ್ಡಿನಲ್ಲಿ ಬರೆಯಬೇಕು. ರಿಸರ್ವ್ ಬ್ಯಾಂಕ್ ತನ್ನ ಕಂಪನಿಗಳಿಂದ ಇದನ್ನು ಈಗಾಗಲೇ ಬರೆಸುತ್ತಿದೆ. ನೋಂದಾಯಿತರ ಪಟ್ಟಿ, ವಸೂಲಿಗಾರರ ಹೆಸರು ಸಮೇತ, ಪ್ರತಿ ಗ್ರಾಮ ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಬರಬೇಕು. ರಾಯಚೂರಿಗೆ ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದೆ, ಆದ್ದರಿಂದ ದೂರನ್ನು ತಾಲ್ಲೂಕು ಕಚೇರಿಯಲ್ಲೇ ತೆಗೆದುಕೊಂಡು ಹಿಂಬರಹ ಕೊಡಬೇಕು.

ಬುಧವಾರದ ಸಭೆಗೆ ಪ್ರತಿ ಗುಂಪಿನಿಂದ ಇಬ್ಬರು ಬನ್ನಿ. ಸಾಲದ ಕಾರ್ಡ್, ಕಂತಿನ ರಸೀದಿ, ಖಾಲಿ ಚೆಕ್ ಕೊಟ್ಟಿದ್ದರೆ ಅದರ ನಂಬರ್ ತನ್ನಿ. ಕಾರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಕಂಪನಿಯ ಪೂರ್ಣ ಹೆಸರಿರುತ್ತದೆ, ಅದನ್ನು ಒಟ್ಟಿಗೆ ಓದೋಣ.